ಸಂಬಳದ ಮಾತಿಗೆ ಮುಂಚೆ 32 ಗಂಟೆ ಕೆಲಸ ಮಾಡಿ ಕೊಡಿ ಅಂದರೆ?

ಓದುಗರ ಪ್ರಶ್ನೆ: ನಾನು ತುಮಕೂರಿನವಳು. ಎರಡೂವರೆ ವರ್ಷದಿಂದ ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ದಿನಾ ರೈಲಿನಲ್ಲಿ ಓಡಾಡುತ್ತಿದ್ದೇನೆ. ಈಗ ಬೇರೆ ಕೆಲಸ ಹುಡುಕುತ್ತಿದ್ದೇನೆ. ಬುಧವಾರ ರಾತ್ರಿ ಒಬ್ಬ ರಿಕ್ರೂಟರ್ ಅಸೈನ್‌ಮೆಂಟ್ ಕಳಿಸಿದರು. ಕಿರಾಣಿ ಅಂಗಡಿಯವರು ಹೋಲ್‌ಸೇಲ್ ಮಂಡಿಗೆ ಆರ್ಡರ್ ಹಾಕುವ ಪೂರ್ತಿ ಆ್ಯಪ್ ಮಾಡಿ ಸೋಮವಾರ ಬೆಳಿಗ್ಗೆ 10ಕ್ಕೆ ಕೊಡಬೇಕಂತೆ. ದುಡ್ಡಿಲ್ಲ. ಕಂಪನಿಯವರು ಯಾರೂ ಇನ್ನೂ ನನ್ನ ಜೊತೆ ಮಾತಾಡಿಯೂ ಇಲ್ಲ. ಆಗಲ್ಲ ಅಂದರೆ ಕೆಲಸ ಕೈ ತಪ್ಪುತ್ತದಾ? ಏನಂತ ಉತ್ತರ ಬರೆಯಲಿ?

ಉತ್ತರ: ಆಗಲ್ಲ ಅನ್ನಬೇಡಿ. ಆಯ್ತು ಅಂತಲೂ ಅನ್ನಬೇಡಿ. ಮೊದಲು ಒಂದು ಹಾಳೆ ತಗೊಂಡು ಗಂಟೆ ಲೆಕ್ಕ ಹಾಕಿ.

ನೀವು ಕಳಿಸಿದ ಪಟ್ಟಿ ನೋಡಿ ನಾನೂ ಲೆಕ್ಕ ಹಾಕಿದೆ. ಓಟಿಪಿ ಲಾಗಿನ್‌ಗೆ 4 ಗಂಟೆ. ಸಾಮಾನುಗಳ ಪಟ್ಟಿ ಮತ್ತು ಹುಡುಕಾಟಕ್ಕೆ 4. ಕಾರ್ಟ್ ಮತ್ತು ಆರ್ಡರ್‌ಗೆ 5. ಪೇಮೆಂಟ್ ಜೋಡಿಸೋದಕ್ಕೆ 4. ಅಡ್ಮಿನ್ ಪುಟಗಳಿಗೆ 6. ಎಕ್ಸೆಲ್ ರಿಪೋರ್ಟ್‌ಗೆ 2. ಟೆಸ್ಟ್ ಬರೆಯೋದಕ್ಕೆ 4. ಸರ್ವರ್‌ಗೆ ಹಾಕಿ ವಿವರ ಬರೆಯೋದಕ್ಕೆ 3. ಒಟ್ಟು 32 ಗಂಟೆ ಆಯಿತು. ಅಂದರೆ ಆಫೀಸಿನ ನಾಲ್ಕು ಪೂರ್ತಿ ದಿನ. ಇದು ಎಲ್ಲವೂ ಮೊದಲ ಸಲಕ್ಕೇ ಸರಿಯಾಗಿ ಕೂತರೆ ಮಾತ್ರ. ರಿಕ್ರೂಟರ್ ಬರೆದದ್ದು "ವೀಕೆಂಡ್ ಕೆಲಸ, 6ರಿಂದ 8 ಗಂಟೆ" ಅಂತ.

ಈಗ ನಿಮ್ಮ ಹತ್ತಿರ ಎಷ್ಟು ಗಂಟೆ ಇದೆ ನೋಡಿ. ಗುರುವಾರ, ಶುಕ್ರವಾರ ರೈಲಿಳಿದು ಮನೆ ಸೇರಿ ಊಟ ಮುಗಿಸಿದ ಮೇಲೆ ಒಂದೂವರೆ ಒಂದೂವರೆ ಗಂಟೆ. ಶನಿವಾರ 6. ಭಾನುವಾರ ಗುಬ್ಬಿಯಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶ ಇದೆ ಅಂದಿದ್ದೀರಿ, ಹಾಗಾಗಿ 3. ಒಟ್ಟು 12. ಕೇಳಿರೋದು 32, ಇರೋದು 12. ನಿಮ್ಮ ಉತ್ತರ ಈ ಎರಡು ಸಂಖ್ಯೆಗಳ ಮೇಲೆ ನಿಲ್ಲಬೇಕು. "ತುಂಬಾ ಜಾಸ್ತಿ ಆಯ್ತು" ಅಂದರೆ ಅದು ಗೊಣಗಾಟದ ಹಾಗೆ ಕೇಳುತ್ತದೆ. ಗಂಟೆ ಬಿಡಿಸಿ ಇಟ್ಟರೆ ಅದು ಅಂದಾಜು ಪಟ್ಟಿ. ಕೆಲಸ ಗೊತ್ತಿರುವವರು ಮಾತ್ರ ಅದನ್ನು ಬರೆಯಬಲ್ಲರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ರಿಕ್ರೂಟರ್ ಮೇಲೆ ಸಿಟ್ಟು ಬೇಡ. ಈ ಅಸೈನ್‌ಮೆಂಟ್ ತಯಾರು ಮಾಡಿದ್ದು ಅವರಲ್ಲ. ಎಷ್ಟೋ ಸಲ ಅವರು ಆ ಕಂಪನಿಯವರೂ ಅಲ್ಲ, ಕನ್ಸಲ್ಟೆನ್ಸಿಯವರು. ಕಂಪನಿಯ ಟೀಮ್ ಲೀಡ್ ಯಾವತ್ತೋ ಮಾಡಿಟ್ಟ ಪಿಡಿಎಫ್ ಅವರ ಕೈಗೆ ಬಂದಿರುತ್ತದೆ. ಓಟಿಪಿ ಲಾಗಿನ್‌ಗೆ ಎಷ್ಟು ಹೊತ್ತು ಬೇಕು ಅಂತ ಅವರಿಗೆ ಗೊತ್ತಿರೋದಿಲ್ಲ. ನಿಮ್ಮ ಉತ್ತರವನ್ನು ಅವರು ಹೆಚ್ಚೆಂದರೆ ಹಾಗೇ ಫಾರ್ವರ್ಡ್ ಮಾಡುತ್ತಾರೆ. ಅದಕ್ಕೇ ಟೀಮ್ ಲೀಡ್ ಓದುತ್ತಾನೆ ಅಂದುಕೊಂಡು ಬರೆಯಿರಿ. ವಾಟ್ಸಾಪ್‌ನಲ್ಲಿ ಮಾತು ನಡೆದಿದ್ದರೂ ಉತ್ತರ ಇಮೇಲ್‌ನಲ್ಲೇ ಹೋಗಲಿ.

ಆ ಕಡೆ ಕುರ್ಚಿಯಲ್ಲಿ ನಾನೂ ಕೂತಿದ್ದೇನೆ, ಅಸೈನ್‌ಮೆಂಟ್ ತಿದ್ದಿದ್ದೇನೆ. ಒಬ್ಬರದ್ದಕ್ಕೆ ನಾನು ಕೊಡುತ್ತಿದ್ದದ್ದು ಅರ್ಧ ಗಂಟೆ. ವಿವರದಲ್ಲಿ ಬರೆದ ಹಾಗೆ ನಡೆಸಿದರೆ ಓಡುತ್ತದಾ ಅಂತ ಮೊದಲು ನೋಡುತ್ತಿದ್ದೆ. ಆಮೇಲೆ ಎರಡು ಮೂರು ಫೈಲ್ ತೆರೆದು, ಕಷ್ಟದ ಜಾಗದಲ್ಲಿ ಏನು ಮಾಡಿದ್ದಾರೆ ಅಂತ ಓದುತ್ತಿದ್ದೆ. ಲಾಗಿನ್ ಪುಟ ಎಷ್ಟು ಚೆನ್ನಾಗಿದೆ ಅಂತ ನೋಡಿದ ನೆನಪೇ ಇಲ್ಲ. ನೀವು 32 ಗಂಟೆ ಸುರಿದರೂ ಓದುವವರ ಕಣ್ಣು ಬೀಳೋದು ನಾಲ್ಕು ಗಂಟೆಯ ಕೆಲಸದ ಮೇಲೆ ಮಾತ್ರ. ಕ್ಯಾತ್ಸಂದ್ರದಲ್ಲಿ ರುಚಿ ನೋಡೋಕೆ ಒಂದು ತಟ್ಟೆ ಇಡ್ಲಿ ಸಾಕಲ್ವಾ? ಮದುವೆ ಮನೆಗೆ ಆಗುವಷ್ಟು ಕಳಿಸಿ, ಚೆನ್ನಾಗಿದ್ದರೆ ಹೇಳ್ತೀವಿ ಅಂತ ಯಾರೂ ಅನ್ನಲ್ಲ.

ಹಾಗಾದರೆ ಆ ಒಂದು ತಟ್ಟೆ ಯಾವುದು? ನಿಮ್ಮ ಅಸೈನ್‌ಮೆಂಟ್‌ನಲ್ಲಿ ಅದು ಆರ್ಡರ್ ಭಾಗ. ಯಾಕೆ ಅಂತ ಹೇಳುತ್ತೇನೆ. ಮಂಡಿಯಲ್ಲಿ ಒಂದೇ ಮೂಟೆ ಅಕ್ಕಿ ಉಳಿದಿದೆ ಅಂದುಕೊಳ್ಳಿ. ಶಿರಾ ಗೇಟ್‌ನ ಅಂಗಡಿಯವರೂ ಬಟವಾಡಿಯ ಅಂಗಡಿಯವರೂ ಒಂದೇ ಕ್ಷಣಕ್ಕೆ ಆರ್ಡರ್ ಒತ್ತಿದರು. ನಿಮ್ಮ ಕೋಡ್ ಮೊದಲು ಸ್ಟಾಕ್ ಓದಿ, ಆಮೇಲೆ ಕಳೆದು ಬರೆದರೆ, ಇಬ್ಬರಿಗೂ "1 ಇದೆ" ಅಂತಲೇ ಕಾಣುತ್ತದೆ. ಇಬ್ಬರ ಆರ್ಡರೂ ಪಾಸಾಗುತ್ತದೆ. ಇರೋದು ಒಂದೇ ಮೂಟೆ. ಓದೋದನ್ನೂ ಕಳೆಯೋದನ್ನೂ ಒಂದೇ ಸಾಲಿಗೆ ತಂದರೆ ಈ ಎಡವಟ್ಟು ಆಗೋದಿಲ್ಲ:

```sql
UPDATE items SET stock = stock - 1
WHERE id = 42 AND stock >= 1;
```

ಇದು ಓಡಿದ ಮೇಲೆ ಟೇಬಲ್‌ನಲ್ಲಿ ಎಷ್ಟು ಸಾಲು ಬದಲಾಯಿತು ಅಂತ ನೋಡಬೇಕು. ಸೊನ್ನೆ ಬಂದರೆ ಮೂಟೆ ಮುಗಿದಿದೆ, ಎರಡನೆಯವರಿಗೆ ಹಾಗಂತ ಹೇಳಬೇಕು. ಆರ್ಡರ್ ಬರೆಯೋದೂ ಸ್ಟಾಕ್ ಕಳೆಯೋದೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಬೇಕು, ಇಲ್ಲದಿದ್ದರೆ ನಡುವೆ ಸರ್ವರ್ ನಿಂತಾಗ ಲೆಕ್ಕ ತಪ್ಪುತ್ತದೆ. ಇನ್ನೊಂದು, ಆರ್ಡರ್ ಸಾಲಿನಲ್ಲೇ ಅವತ್ತಿನ ಬೆಲೆಯನ್ನೂ ಬರೆದಿಡಿ. ನಾಳೆ ಅಕ್ಕಿ ಬೆಲೆ ಏರಿದರೆ ನಿನ್ನೆಯ ಬಿಲ್ ಬದಲಾಗಬಾರದು. ಇಷ್ಟು ಮಾಡಿ, ಎರಡು ಆರ್ಡರ್ ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ ತೋರಿಸುವ ಒಂದು ಟೆಸ್ಟ್ ಬರೆದರೆ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ನಿಮಗೆ ಕೆಲಸ ಬರುತ್ತದೆ ಅಂತ ಇದರಲ್ಲಿ ಗೊತ್ತಾಗುತ್ತದೆ. ಓಟಿಪಿ ಲಾಗಿನ್‌ನಲ್ಲಿ ಗೊತ್ತಾಗಲ್ಲ.

ಉತ್ತರವನ್ನು ನೀವು ಇಂಗ್ಲಿಷಿನಲ್ಲೇ ಬರೆಯುತ್ತೀರಿ. ಅದರ ತಿರುಳು ಹೀಗಿರಲಿ:

"ಅಸೈನ್‌ಮೆಂಟ್ ಓದಿದೆ, ಕಳಿಸಿದ್ದಕ್ಕೆ ಧನ್ಯವಾದ. ಭಾಗ ಭಾಗವಾಗಿ ಅಂದಾಜು ಮಾಡಿದರೆ ಸುಮಾರು 32 ಗಂಟೆ ಆಗುತ್ತದೆ, ವಿವರ ಕೆಳಗಿದೆ. ಈಗಿರುವ ಕೆಲಸದ ಜೊತೆ ಸೋಮವಾರದ ಒಳಗೆ ಇಷ್ಟನ್ನು ಚೆನ್ನಾಗಿ ಮುಗಿಸಲು ಆಗುವುದಿಲ್ಲ. ಇದರಲ್ಲಿ ಆರ್ಡರ್ ಮತ್ತು ಸ್ಟಾಕ್ ಭಾಗವನ್ನು ಟೆಸ್ಟ್ ಸಮೇತ ಮಾಡಿ ಸೋಮವಾರ 10ಕ್ಕೆ ಕೊಡುತ್ತೇನೆ, ಉಳಿದದ್ದನ್ನು ಹೇಗೆ ಕಟ್ಟುತ್ತೇನೆ ಅಂತ ಒಂದು ಪುಟ ಬರೆಯುತ್ತೇನೆ. ಶುರು ಮಾಡುವ ಮುಂಚೆ ಟೀಮಿನವರ ಜೊತೆ 20 ನಿಮಿಷ ಮಾತಾಡಲು ಆಗುತ್ತದೆಯೇ? ಯಾವ ಅಂಶಗಳನ್ನು ನೋಡಿ ಅಂಕ ಕೊಡುತ್ತೀರಿ, ಎಲ್ಲ ಅಭ್ಯರ್ಥಿಗಳಿಗೂ ಇದೇ ಅಸೈನ್‌ಮೆಂಟಾ, ಇದಾದ ಮೇಲೆ ಎಷ್ಟು ಸುತ್ತು ಇದೆ, ಇಷ್ಟು ತಿಳಿಸಿದರೆ ಅನುಕೂಲ."

ದುಡ್ಡು ಕೇಳಬಹುದಾ? ಕೇಳಬಹುದು. ದೊಡ್ಡ ಅಸೈನ್‌ಮೆಂಟ್‌ಗೆ ದುಡ್ಡು ಕೊಡುವ ಕಂಪನಿಗಳೂ ಇವೆ. ಆದರೆ ಎರಡೂವರೆ ವರ್ಷದ ಅನುಭವಕ್ಕೆ ಮೊದಲ ಇಮೇಲ್‌ನಲ್ಲೇ ಕೇಳಿದರೆ ನಮ್ಮ ಕಡೆ ಬಹುತೇಕ ಮಾತು ಅಲ್ಲಿಗೇ ನಿಲ್ಲುತ್ತದೆ. ಅವರು "ಇಲ್ಲ, ಪೂರ್ತಿ 32 ಗಂಟೆಯದ್ದೇ ಬೇಕು" ಅಂತ ಹಟ ಹಿಡಿದರೆ ಆಗ ಕೇಳಿ. ಅಷ್ಟು ಹೊತ್ತಿಗೆ ಕಳಕೊಳ್ಳೋಕೆ ಜಾಸ್ತಿ ಏನೂ ಇರಲ್ಲ.

ಮೇಲಿನ ಪ್ರಶ್ನೆಗಳಲ್ಲಿ "ಎಲ್ಲ ಅಭ್ಯರ್ಥಿಗಳಿಗೂ ಇದೇ ಅಸೈನ್‌ಮೆಂಟಾ" ಅನ್ನೋದು ಸುಮ್ನೆ ಹಾಕಿದ್ದಲ್ಲ. ನಿಜವಾದ ಪರೀಕ್ಷೆಯಾದರೆ ಎಲ್ಲರಿಗೂ ಒಂದೇ ಪ್ರಶ್ನೆ ಕೊಡುತ್ತಾರೆ, ಇಲ್ಲದಿದ್ದರೆ ಒಬ್ಬರನ್ನೊಬ್ಬರ ಜೊತೆ ಹೋಲಿಸೋದು ಹೇಗೆ? ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವರ ಗುರುತೇ ಬೇರೆ. ಅವರ ಗಿರಾಕಿಯ ಹೆಸರು, ಲೋಗೋ ಅಸೈನ್‌ಮೆಂಟ್‌ನಲ್ಲೇ ಇರುತ್ತದೆ. ನಿಜವಾದ ಗ್ರಾಹಕರ ಪಟ್ಟಿ ಕೊಡುತ್ತಾರೆ. ನಮ್ಮ ಸರ್ವರ್‌ಗೇ ಹಾಕಿ ಅನ್ನುತ್ತಾರೆ. ಕೊಟ್ಟ ಮೇಲೆ "ಇದೊಂದು ಸಣ್ಣ ಬದಲಾವಣೆ" ಅಂತ ಮತ್ತೆ ಕೇಳುತ್ತಾರೆ. ನನಗೆ ಬಡಿದದ್ದು ಈ ಕೊನೆಯದು. ಕೆಲಸಕ್ಕೆ ಸೇರುವ ಆಸೆಯಲ್ಲಿ ಒಂದು ಕಡೆ ಮೂರು ಸಲ ಬದಲಾವಣೆ ಮಾಡಿ ಕೊಟ್ಟೆ. ನಾಲ್ಕನೆಯದು ಬಂದಾಗ ಸಂದರ್ಶನ ಯಾವಾಗ ಅಂತ ಕೇಳಿದೆ. ಇವತ್ತಿಗೂ ಉತ್ತರ ಬಂದಿಲ್ಲ. ಪರೀಕ್ಷೆ ಬರೆಸಿದವರು ಉತ್ತರ ಪತ್ರಿಕೆಯನ್ನು ತಿದ್ದುಪಡಿ ಮಾಡಿ ಕೊಡಿ ಅನ್ನಲ್ಲ. ಅವತ್ತು ನನಗೆ ಅದು ಹೊಳೆಯಲಿಲ್ಲ.

ಕೋಡ್ ಯಾರದ್ದು ಅನ್ನೋದೂ ಇಲ್ಲೇ ಬರುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಸೇರುತ್ತದೆ. 17ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಮಾಲೀಕರು. ನೌಕರಿಯ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕಂಪನಿಗೆ ಸೇರುತ್ತದೆ, ಆದರೆ ಅರ್ಜಿ ಹಾಕಿದವರು ನೌಕರರಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿ, ನಿಮ್ಮ ಸಹಿಯ ಸಮೇತ ಕೊಡಬೇಕು. ಹಾಗಾಗಿ ಅಸೈನ್‌ಮೆಂಟ್ ಜೊತೆ ಬರುವ ಫಾರಂನಲ್ಲಿ "ಸಲ್ಲಿಸಿದ್ದೆಲ್ಲ ಕಂಪನಿಯ ಸ್ವತ್ತು" ಅನ್ನುವ ಸಾಲು ಇದೆಯಾ ಅಂತ ಓದಿ, ಆಮೇಲೆ ಸಹಿ ಮಾಡಿ. ಕೋಡನ್ನು ಪ್ರೈವೇಟ್ ರೆಪೊದಲ್ಲಿ ಇಡಿ. `README.md` ಫೈಲಿನ ಮೇಲ್ಗಡೆ "ಈ ಹುದ್ದೆಯ ಪರಿಶೀಲನೆಗಾಗಿ ಮಾತ್ರ" ಅಂತ ಒಂದು ಸಾಲು ಬರೆಯಿರಿ. ನಿಜ ಹೇಳಬೇಕೆಂದರೆ, ಅವರು ಕದ್ದರೆ ಒಂದು ವೀಕೆಂಡ್ ಕೋಡ್‌ಗಾಗಿ ನೀವು ಕೋರ್ಟಿಗೆ ಹೋಗಲ್ಲ. ಸಣ್ಣ ಭಾಗ ಮಾತ್ರ ಕೊಡೋದೇ ಅದಕ್ಕಿಂತ ಗಟ್ಟಿ ರಕ್ಷಣೆ. ಆರ್ಡರ್ ಭಾಗ ಒಂದನ್ನೇ ಇಟ್ಟುಕೊಂಡು ಯಾರೂ ಆ್ಯಪ್ ಮಾರೋಕೆ ಆಗಲ್ಲ.

ಹಾಗೇ ಇದನ್ನು ಈಗಿನ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಮಾಡಬೇಡಿ, ರೈಲಿನಲ್ಲಿ ಸೀಟು ಸಿಕ್ಕಿದರೂ ಸರಿ. ಇಲ್ಲದಿದ್ದರೆ ಅದು ನಿಮ್ಮ ಸ್ವಂತ ಕೋಡ್ ಅನ್ನೋದಕ್ಕೇ ತಕರಾರು ಬರಬಹುದು.

ಇದು ಎಲ್ಲರಿಗೂ ಹೊಂದುವ ಸಲಹೆ ಅಲ್ಲ. ಈಗಷ್ಟೇ ಕಾಲೇಜು ಮುಗಿಸಿ, ತೋರಿಸೋಕೆ ಒಂದು ಪ್ರಾಜೆಕ್ಟೂ ಇಲ್ಲದವರಾದರೆ 10 ಗಂಟೆ ಕೊಟ್ಟರೂ ನಷ್ಟವಿಲ್ಲ, ಆ ಕೋಡನ್ನು ಮುಂದಿನ ಕಡೆ ತೋರಿಸಬಹುದು. ನಿಮಗೆ ಆ ಅಗತ್ಯ ಇಲ್ಲ. ನೀವು ಹಿಂದೆ ಸ್ವಂತಕ್ಕೆ ಮಾಡಿದ ಕೋಡ್ ಇದ್ದರೆ ಅದರ ಲಿಂಕನ್ನೂ ಇಮೇಲ್‌ನ ಕೊನೆಗೆ ಸೇರಿಸಿ. ಅದನ್ನೇ ನೋಡಿ ಅಸೈನ್‌ಮೆಂಟ್ ಕೈಬಿಟ್ಟವರನ್ನೂ ಕಂಡಿದ್ದೇನೆ.

ಇಮೇಲ್ ಕಳಿಸಿದ ಮೇಲೆ ರಿಕ್ರೂಟರ್ ಬರೆಯೋದಿಲ್ಲ, ಫೋನ್ ಮಾಡುತ್ತಾರೆ. ನೀವು ಬೆಳಿಗ್ಗೆ ರೈಲಿನಲ್ಲಿ ನಿಂತಿರುವಾಗಲೇ ಬರುತ್ತದೆ. "ಬೇರೆ ಕ್ಯಾಂಡಿಡೇಟ್ಸ್ ಎಲ್ಲ ಮಾಡ್ತಿದ್ದಾರೆ ಮೇಡಂ" ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. "ಇರಬಹುದು ಸರ್. ನನ್ನ ಇಮೇಲನ್ನು ಟೀಮಿಗೆ ಒಂದು ಸಲ ಕಳಿಸಿ, ಅವರು ಏನಂದರು ಅಂತ ನನಗೆ ಇಮೇಲ್‌ನಲ್ಲೇ ತಿಳಿಸಿ" ಅಂತ ಹೇಳಿ ಫೋನ್ ಇಡಿ. ಶುಕ್ರವಾರ ಸಂಜೆಯೊಳಗೆ ಏನೂ ಬರದಿದ್ದರೆ ಎರಡು ಸಾಲಿನಲ್ಲಿ ಒಮ್ಮೆ ನೆನಪಿಸಿ. ಆಗಲೂ ಸುದ್ದಿ ಇಲ್ಲದಿದ್ದರೆ ಶನಿವಾರ ಲ್ಯಾಪ್‌ಟಾಪ್ ತೆರೆಯಬೇಡಿ. ಗುಬ್ಬಿಗೆ ಒಂದು ದಿನ ಮುಂಚೆಯೇ ಹೊರಡಿ.