ಪಿ ಆ್ಯಂಡ್ ಐಡಿ ಹಾಳೆ ಕೈಗೆ ಬಂದಾಗ ಎಲ್ಲಿಂದ ಓದಬೇಕು?

ಪ್ರಶ್ನೆ: ನಾನು ಸಿಂಧನೂರಿನವನು. ಡಿಪ್ಲೊಮಾ ಮುಗಿಸಿ ರಾಯಚೂರಿನ ಹತ್ತಿರ ಔಷಧಿ ಕಚ್ಚಾವಸ್ತು ಮಾಡುವ ಒಂದು ಕಾರ್ಖಾನೆಗೆ ಟ್ರೈನಿ ಆಪರೇಟರ್ ಆಗಿ ಸೇರಿದ್ದೇನೆ. ಮೊದಲ ವಾರವೇ ಟೇಬಲ್ ತುಂಬುವಷ್ಟು ದೊಡ್ಡ ಪಿ ಆ್ಯಂಡ್ ಐಡಿ ಹಾಳೆ, ಅಂದರೆ ಪೈಪು, ವಾಲ್ವ್, ಅಳೆಯುವ ಉಪಕರಣಗಳ ನಕ್ಷೆ ಕೊಟ್ಟು, ಓದಿಕೊಂಡು ಬಾ ಅಂದರು. ಚಿಹ್ನೆಗಳ ಪಟ್ಟಿ ಬಾಯಿಪಾಠ ಮಾಡಿದೆ. ಆದರೂ ಹಾಳೆ ನೋಡಿದರೆ ಏನೂ ಹೊಳೆಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಸಿಂಧನೂರಿನವರು ಅಂದ ಮೇಲೆ ತುಂಗಭದ್ರಾ ಎಡದಂಡೆ ಕಾಲುವೆ ನೋಡಿಯೇ ಬೆಳೆದಿರುತ್ತೀರಿ. ಹೊಲಕ್ಕೆ ನೀರು ಯಾಕೆ ಬಂದಿಲ್ಲ ಅಂತ ನೋಡಲು ಹೊರಟ ರೈತ ಕಾಲುವೆಯ ನಕ್ಷೆಯನ್ನು ಪೂರ್ತಿ ಬಾಯಿಪಾಠ ಮಾಡುವುದಿಲ್ಲ. ತನ್ನ ತೂಬಿನಿಂದ ಮೇಲಕ್ಕೆ ನಡೆಯುತ್ತಾನೆ. ಎಲ್ಲಿ ಗೇಟು ಮುಚ್ಚಿದೆ, ಎಲ್ಲಿ ಯಾರು ನೀರು ತಿರುಗಿಸಿಕೊಂಡಿದ್ದಾರೆ ಅಂತ ದಾರಿಯುದ್ದಕ್ಕೂ ನೋಡುತ್ತಾನೆ. ಈ ಹಾಳೆಯನ್ನೂ ಹಾಗೇ ಓದಬೇಕು. ಒಂದೇ ಟ್ಯಾಂಕ್ ಹಿಡಿಯಿರಿ. ಅದಕ್ಕೆ ಒಳಗೆ ಬರುವ ದಾರಿ ಎಷ್ಟು, ಹೊರಗೆ ಹೋಗುವ ದಾರಿ ಎಷ್ಟು ಅಂತ ಬೆರಳಿಟ್ಟು ಎಣಿಸಿ. ಆ ದಾರಿಗಳಲ್ಲಿ ಯಾವುದನ್ನು ಯಾರು ತೆರೆದು ಮುಚ್ಚುತ್ತಾರೆ ಅನ್ನುವುದು ಆಮೇಲಿನ ಪ್ರಶ್ನೆ.

ಒಂದು ಟೊಲ್ಯೂಯಿನ್ ಟ್ಯಾಂಕ್ ತೆಗೆದುಕೊಳ್ಳೋಣ. ನಾನು ಶಿಫ್ಟ್ ಮಾಡುತ್ತಿದ್ದ ದಿನಗಳಲ್ಲಿ ಇಂಥದ್ದೇ ಒಂದು ಟ್ಯಾಂಕ್ ನನಗೆ ಈ ಹಾಳೆ ಓದುವುದನ್ನು ಕಲಿಸಿತು. ಹೆಸರು T-201. ಎರಡು ಮೀಟರ್ ವ್ಯಾಸದ, ನೆಟ್ಟಗೆ ನಿಂತ ಟ್ಯಾಂಕ್. ಸ್ಟೋರೇಜಿನಿಂದ ಎರಡು ಇಂಚಿನ ಲೈನ್ ಬಂದು ಅದನ್ನು ತುಂಬುತ್ತದೆ. ತಳದಿಂದ P-201A, P-201B ಅನ್ನುವ ಎರಡು ಪಂಪುಗಳು ರಿಯಾಕ್ಟರಿಗೆ ಕಳಿಸುತ್ತವೆ. ಒಂದು ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ.

ದಪ್ಪ ಗೆರೆ ಪೈಪು. ತೆಳ್ಳಗಿನ ತುಂಡು ತುಂಡು ಗೆರೆ ವಿದ್ಯುತ್ ಸಿಗ್ನಲ್. ಗೆರೆಯ ಮೇಲೆ ಅಲ್ಲಲ್ಲಿ ಎರಡೆರಡು ಓರೆ ಗೀಟು ಇದ್ದರೆ ಅದು ಗಾಳಿಯ ಸಿಗ್ನಲ್. ಮೊದಲ ದಿನ ದಪ್ಪ ಗೆರೆಗಳನ್ನು ಮಾತ್ರ ನೋಡಿ, ಉಳಿದದ್ದು ಕಣ್ಣಿಗೆ ಬೀಳದ ಹಾಗೆ ಇರಲಿ. ಪೈಪಿನ ಮೇಲೆ 2"-TL-1205-A1A ಅಂತ ಬರೆದಿರುತ್ತದೆ. ಗಾತ್ರ, ಒಳಗೆ ಹರಿಯುವುದು ಏನು, ಲೈನ್ ನಂಬರು, ಪೈಪಿನ ದರ್ಜೆ ಇಷ್ಟೇ ಅದರ ಅರ್ಥ. ಒಂದೊಂದು ಕಂಪನಿ ಒಂದೊಂದು ಥರ ಬರೆಯುತ್ತದೆ. ಹಾಗಾಗಿ ನಿಮ್ಮ ಕಾರ್ಖಾನೆಯ ಲೆಜೆಂಡ್ ಶೀಟನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಪುಸ್ತಕದ ಪಟ್ಟಿಗಿಂತ ಅದೇ ನಂಬಿಕೆಯದು.

ಇನ್ನು ಆ ದುಂಡನೆಯ ಗುಳ್ಳೆಗಳು. ಗುಳ್ಳೆಯೊಳಗಿನ ಮೊದಲ ಅಕ್ಷರ ಏನನ್ನು ಅಳೆಯುತ್ತಿದ್ದೇವೆ ಅಂತ ಹೇಳುತ್ತದೆ. L ಅಂದರೆ ಲೆವೆಲ್, F ಅಂದರೆ ಫ್ಲೋ, P ಅಂದರೆ ಪ್ರೆಶರ್, T ಅಂದರೆ ಟೆಂಪರೇಚರ್. ಮುಂದಿನ ಅಕ್ಷರಗಳು ಅದು ಮಾಡುವ ಕೆಲಸ ಹೇಳುತ್ತವೆ. ಹೊಸಬರು ಎಡವುವುದು ಇಲ್ಲೇ. TT-305 ಅನ್ನುವಲ್ಲಿ ಮೊದಲ T ಟೆಂಪರೇಚರ್, ಎರಡನೆಯದು ಟ್ರಾನ್ಸ್‌ಮಿಟರ್. ಅಕ್ಷರ ಒಂದೇ, ಜಾಗ ಬದಲಾದರೆ ಅರ್ಥವೂ ಬೇರೆ. ಗುಳ್ಳೆ ಖಾಲಿ ಇದ್ದರೆ ಆ ಉಪಕರಣ ಹೊರಗೆ ಫೀಲ್ಡಿನಲ್ಲಿ ಇದೆ. ನಡುವೆ ಅಡ್ಡಗೆರೆ ಇದ್ದರೆ ಕಂಟ್ರೋಲ್ ರೂಮಿನ ಪ್ಯಾನಲ್ಲಿನಲ್ಲಿ. ಗುಳ್ಳೆಯ ಸುತ್ತ ಚೌಕ ಇದ್ದರೆ ಕಂಪ್ಯೂಟರಿನ ಪರದೆಯ ಮೇಲೆ ಕಾಣುತ್ತದೆ.

ನಮ್ಮ ಟ್ಯಾಂಕಿಗೆ ಬನ್ನಿ. ಪಕ್ಕದಲ್ಲಿ LT-201, ಖಾಲಿ ಗುಳ್ಳೆ. ಅಲ್ಲಿಂದ ತುಂಡು ಗೆರೆ LIC-201 ಅನ್ನುವ ಕಂಟ್ರೋಲರಿಗೆ ಹೋಗುತ್ತದೆ, ಅದಕ್ಕೆ ಚೌಕ ಇದೆ. ಅಲ್ಲಿಂದ ಹೊರಟ ಗೆರೆ ಟ್ಯಾಂಕ್ ತುಂಬುವ ಲೈನಿನ ಮೇಲಿರುವ LV-201 ಅನ್ನುವ ಕಂಟ್ರೋಲ್ ವಾಲ್ವಿಗೆ ಬಂದು ಮುಗಿಯುತ್ತದೆ. ಅಳೆಯುವುದು ಒಂದು, ತೀರ್ಮಾನ ಮಾಡುವುದು ಒಂದು, ಕೈಯಾಡಿಸುವುದು ಒಂದು. ಮೂರಕ್ಕೂ ಒಂದೇ ನಂಬರು, 201. ಹಾಗಾಗಿ ಮೂರೂ ಸೇರಿ ಒಂದು ಲೂಪ್. ಲೆವೆಲ್ ಏರಿದರೆ LIC ವಾಲ್ವನ್ನು ಮುಚ್ಚಿಸುತ್ತದೆ, ಇಳಿದರೆ ತೆರೆಸುತ್ತದೆ.

LV-201ರ ಕೆಳಗೆ FC ಅಂತ ಎರಡು ಅಕ್ಷರ ಇರುತ್ತದೆ. ವಾಲ್ವನ್ನು ನಡೆಸುವ ಕಂಪ್ರೆಸರಿನ ಗಾಳಿ ನಿಂತು ಹೋದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಅಂತ ಅರ್ಥ. ಕಂಪ್ರೆಸರ್ ನಿಂತರೂ ಟೊಲ್ಯೂಯಿನ್ ಟ್ಯಾಂಕಿನಿಂದ ಉಕ್ಕಿ ಹರಿಯಬಾರದು, ಅದಕ್ಕೆ FC. ಅದೇ ಹಾಳೆಯಲ್ಲಿ ರಿಯಾಕ್ಟರಿನ ಜಾಕೆಟ್ಟಿಗೆ ಹೋಗುವ ಕೂಲಿಂಗ್ ವಾಟರ್ ವಾಲ್ವ್ ನೋಡಿ, FO ಅಂತ ಇರುತ್ತದೆ. ಗಾಳಿ ನಿಂತರೆ ಅದು ತೆರೆದುಕೊಳ್ಳಬೇಕು. ಒಳಗೆ ಬಿಸಿ ಏರುತ್ತಿರುವಾಗ ತಣ್ಣೀರು ನಿಲ್ಲಬಾರದು ಅಲ್ವಾ? ಪ್ರತಿ ಕಂಟ್ರೋಲ್ ವಾಲ್ವಿನ ಮುಂದೆ ನಿಂತು, ಈಗ ಗಾಳಿ ಹೋದರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ. ಈ ಒಂದು ಪ್ರಶ್ನೆಯಿಂದ ಹಾಳೆಯ ಅರ್ಧ ನಿಮ್ಮದಾಗುತ್ತದೆ.

ಇನ್ನೊಂದು ಸಣ್ಣ ಚಿತ್ರ ಇದೆ, ಅದನ್ನು ಬಿಟ್ಟು ಮುಂದೆ ಹೋಗಬೇಡಿ. LV-201ರ ಎರಡೂ ಬದಿಗೆ ಒಂದೊಂದು ಕೈವಾಲ್ವ್. ಮೇಲಿನಿಂದ ಕಮಾನಿನ ಹಾಗೆ ಸುತ್ತಿ ಬರುವ ಇನ್ನೊಂದು ಪೈಪು, ಅದರಲ್ಲೂ ಒಂದು ಕೈವಾಲ್ವ್. ಅದರ ಪಕ್ಕ NC ಅಂತ ಬರೆದಿದೆ, ಸಾಮಾನ್ಯವಾಗಿ ಮುಚ್ಚಿರಬೇಕು ಅಂತ. ಇದು ಬೈಪಾಸ್. LV ರಿಪೇರಿಗೆ ಹೋದಾಗ ಕೈಯಿಂದ ಟ್ಯಾಂಕ್ ತುಂಬಿಸಲು ಇಟ್ಟ ದಾರಿ.

ಒಂದು ದಿನ ರಾತ್ರಿ ಪಾಳಿಯಲ್ಲಿ ಪಂಪು ನಿಲ್ಲಿಸಿದ್ದೆವು, ರಿಯಾಕ್ಟರಿಗೆ ಏನೂ ಹೋಗುತ್ತಿರಲಿಲ್ಲ. ಪ್ಯಾನಲ್ ನೋಡುತ್ತಿದ್ದ ಹುಡುಗ ಕರೆದ. "ಸರ, ವಾಲ್ವ್ ಮುಚ್ಚೈತ್ರಿ. ಆದ್ರೂ ಲೆವೆಲ್ ಏರಾಕತ್ತೈತ್ರಿ." ನೋಡಿದರೆ LIC-201ರ ಔಟ್‌ಪುಟ್ ಸೊನ್ನೆ. ಲೆವೆಲ್ ಮಾತ್ರ 20 ನಿಮಿಷದಲ್ಲಿ 72 ಪರ್ಸೆಂಟಿನಿಂದ 78ಕ್ಕೆ ಬಂದಿತ್ತು.

ಮೊದಲು ಲೆಕ್ಕ ಹಾಕಿದೆವು. LT ಅಳೆಯುವ ಎತ್ತರ ಎರಡೂವರೆ ಮೀಟರ್, ಅಂದರೆ ಒಂದು ಪರ್ಸೆಂಟಿಗೆ ಎರಡೂವರೆ ಸೆಂಟಿಮೀಟರ್. ಎರಡು ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಅದು ಸುಮಾರು 78 ಲೀಟರ್. ಆರು ಪರ್ಸೆಂಟ್ ಅಂದರೆ 470 ಲೀಟರ್, ಗಂಟೆಗೆ 1,400ರ ಆಸುಪಾಸು. ಎರಡು ಇಂಚಿನ ಲೈನ್ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿದರೆ ಗಂಟೆಗೆ 11,000 ಲೀಟರ್ ಬರಬೇಕು. ಹಾಗಾದರೆ ಯಾವ ವಾಲ್ವೂ ಪೂರ್ತಿ ತೆರೆದಿಲ್ಲ. ಎಲ್ಲೋ ಸ್ವಲ್ಪ ಹಾಯುತ್ತಿದೆ.

ಆಮೇಲೆ ಹಾಳೆ ಬಿಡಿಸಿ ಒಳಬರುವ ದಾರಿಗಳನ್ನು ಎಣಿಸಿದೆವು. LV-201 ಮುಚ್ಚಿದ್ದರೂ ಸೀಟು ಸವೆದು ಹಾಯುತ್ತಿರಬಹುದು. ಬೈಪಾಸ್ ಇದೆ. ಪಂಪಿನಿಂದ ಟ್ಯಾಂಕಿಗೆ ವಾಪಸ್ ಬರುವ ಮಿನಿಮಮ್ ಫ್ಲೋ ಲೈನ್ ಕೂಡ ಇದೆ, ಆದರೆ ಅದು ಇದೇ ಟ್ಯಾಂಕಿನ ಮಾಲನ್ನು ಮರಳಿ ತರುವುದು, ಪಂಪೂ ನಿಂತಿದೆ. ಅದನ್ನು ಬಿಟ್ಟೆವು.

ಇದೇ ಲೈನಿನಲ್ಲಿ, LVಗೂ ಬೈಪಾಸ್ ಕವಲಿಗೂ ಮುಂಚೆ, XV-202 ಅನ್ನುವ ಇನ್ನೊಂದು ವಾಲ್ವ್ ಇತ್ತು. ಲೆವೆಲ್ 90 ಪರ್ಸೆಂಟ್ ಮುಟ್ಟಿದರೆ LSHH-202 ಅನ್ನುವ ಸ್ವಿಚ್ ಅದನ್ನು ಮುಚ್ಚಿಸುತ್ತದೆ. ನಾವು ಪ್ಯಾನಲ್ಲಿನಿಂದಲೇ ಅದನ್ನು ಮುಚ್ಚಿದೆವು. ಲೆವೆಲ್ ನಿಂತಿತು. ಅಂದರೆ ಮಾಲು ಬರುತ್ತಿರುವುದು ಈ ಲೈನಿನಿಂದಲೇ. ಹುಡುಗ ಹೊರಗೆ ಹೋಗಿ LVಯ ಎರಡು ಬದಿಯ ಕೈವಾಲ್ವ್ ಮುಚ್ಚಿ ಬಂದ. XV-202 ಮತ್ತೆ ತೆರೆದೆವು. ಲೆವೆಲ್ ಮತ್ತೆ ಏರಲು ಶುರು. LV ತಪ್ಪಿತಸ್ಥ ಅಲ್ಲ ಅಂತಾಯಿತು, ಉಳಿದದ್ದು ಬೈಪಾಸ್ ಒಂದೇ. ಟಾರ್ಚ್ ಹಿಡಿದು ಹೋಗಿ ಹ್ಯಾಂಡ್‌ವೀಲ್ ತಿರುಗಿಸಿದರೆ ಎರಡು ಸುತ್ತು ಮುಚ್ಚಿಕೊಂಡಿತು. ಮಧ್ಯಾಹ್ನ LVಯ ಕೆಲಸ ಮಾಡುವಾಗ ತೆರೆದದ್ದನ್ನು ಪೂರ್ತಿ ಮುಚ್ಚದೆ ಬಿಟ್ಟಿದ್ದರು.

XV-202 ಎಲ್ಲಿ ಕೂತಿದೆ ಅನ್ನುವುದನ್ನು ಗಮನಿಸಿ. ಬೈಪಾಸ್ ಕವಲಿಗೆ ಮುಂಚೆ ಇದ್ದದ್ದಕ್ಕೆ ಅದು ಎರಡೂ ದಾರಿಯನ್ನು ತಡೆಯಿತು. ಅದನ್ನೇ ಕವಲು ಒಡೆದ ಮೇಲೆ, LVಯ ಪಕ್ಕದಲ್ಲಿ ಬರೆದಿದ್ದರೆ, ಸ್ವಿಚ್ ಸರಿಯಾಗಿ ಕೆಲಸ ಮಾಡಿ ವಾಲ್ವ್ ಮುಚ್ಚಿದ್ದರೂ ಬೈಪಾಸಿನಿಂದ ಟ್ಯಾಂಕ್ ತುಂಬುತ್ತಲೇ ಇರುತ್ತಿತ್ತು. ಹಾಳೆಯ ಮೇಲೆ ಇದು ಒಂದು ಬೆರಳಿನಷ್ಟು ಅಂತರ.

LSHH-202 ಬಗ್ಗೆಯೂ ಇಂಥದ್ದೇ ಒಂದು ಪ್ರಶ್ನೆ ಕೇಳಬೇಕು. ಅದು ಟ್ಯಾಂಕಿಗೆ ಯಾವ ನಾಜಲ್‌ನಿಂದ ಕೂಡಿದೆ? LT-201ರ ನಾಜಲ್‌ಗೇ ಕೂಡಿದ್ದರೆ, ಆ ಒಂದು ಬಾಯಿ ಕಟ್ಟಿಕೊಂಡ ದಿನ ಎರಡೂ ಒಟ್ಟಿಗೆ ಕುರುಡಾಗುತ್ತವೆ. LT ತಪ್ಪಿದಾಗ ಕಾಯಬೇಕಾದದ್ದು ಸ್ವಿಚ್, ಹಾಗಾಗಿ ಅದಕ್ಕೆ ಬೇರೆ ನಾಜಲ್ ಇರಬೇಕು. ನಂಬರು ಬೇರೆ ಇದೆ ಅಂದ ಮಾತ್ರಕ್ಕೆ ದಾರಿಯೂ ಬೇರೆ ಅಂತ ತಿಳಿಯಬೇಡಿ, ಗೆರೆಯನ್ನು ಟ್ಯಾಂಕಿನ ಗೋಡೆಯವರೆಗೆ ಹಿಂಬಾಲಿಸಿ. ಬೇರೆ ಬೇರೆ ಇದ್ದರೂ ಸಾಲದು, ಎರಡೂ ಜೀವಂತ ಇರಬೇಕು. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್‌ ತೈಲ ಡಿಪೋದಲ್ಲಿ ಪೆಟ್ರೋಲ್ ಟ್ಯಾಂಕ್ ಒಂದು ತುಂಬಿ ಉಕ್ಕಿತು. ಲೆವೆಲ್ ಗೇಜ್ ಒಂದೇ ಕಡೆ ಸಿಕ್ಕಿಕೊಂಡಿತ್ತು. ಕಾಯಬೇಕಾಗಿದ್ದ ಬೇರೆ ಸ್ವಿಚ್ ಇತ್ತು, ಆದರೆ ಅದೂ ಕೆಲಸ ಮಾಡಲಿಲ್ಲ. ಆವಿ ಹೊತ್ತಿ ಸ್ಫೋಟವಾಗಿ 43 ಮಂದಿ ಗಾಯಗೊಂಡರು. ಸ್ವಿಚ್ ಇದೆ ಅಂತ ಹಾಳೆ ಹೇಳುತ್ತದೆ. ಕೊನೆಗೆ ಯಾವಾಗ ಪರೀಕ್ಷೆ ಮಾಡಿದ್ದು ಅಂತ ಹೇಳುವುದಿಲ್ಲ, ಅದಕ್ಕೆ ಇನ್‌ಸ್ಟ್ರುಮೆಂಟ್ ವಿಭಾಗದ ದಾಖಲೆ ನೋಡಬೇಕು.

ಹಾಳೆ ಹೇಳದ ಸಂಗತಿಗಳು ಇನ್ನೂ ಇವೆ. ಅದು ಅಳತೆಗೆ ಬರೆದದ್ದಲ್ಲ. ಕಾಗದದ ಮೇಲೆ ಪಕ್ಕಪಕ್ಕ ಇರುವ ಎರಡು ವಾಲ್ವ್‌ಗಳ ನಡುವೆ ನಿಜವಾಗಿ 30 ಮೀಟರ್ ಇರಬಹುದು, ಒಂದು ನೆಲದ ಮೇಲೆ, ಇನ್ನೊಂದು ಎರಡನೇ ಅಂತಸ್ತಿನಲ್ಲಿ. ಹಾಳೆಯ ಮೂಲೆಯಲ್ಲಿ ರಿವಿಜನ್ ನಂಬರು, ತಾರೀಖು ಇರುತ್ತದೆ. ಅದಾದ ಮೇಲೆ ಯಾರಾದರೂ ಒಂದು ಹೊಸ ಲೈನ್ ಕೂಡಿಸಿದ್ದರೆ ಅದು ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ ಬಂದಿರುವುದಿಲ್ಲ.

ಅದಕ್ಕೆ ಹಾಳೆಯ ಝೆರಾಕ್ಸ್ ಪ್ರತಿ ಮತ್ತು ಹಳದಿ ಹೈಲೈಟರ್ ಹಿಡಿದು ಲೈನ್ ಮೇಲೆ ನಡೆಯಿರಿ. ನಮ್ಮ ರಾಯಚೂರಿನ ಬಿಸಿಲಿಗೆ ಬೆಳಿಗ್ಗೆ ಎಂಟರೊಳಗೆ ಹೋದರೆ ಒಳ್ಳೆಯದು, ಆಮೇಲೆ ಪೈಪು ಮುಟ್ಟಲು ಆಗುವುದಿಲ್ಲ. ಕಣ್ಣಾರೆ ಕಂಡ ವಾಲ್ವಿಗೆ ಬಣ್ಣ ಹಚ್ಚಿ, ಹಾಳೆಯಲ್ಲಿ ಇದ್ದು ಕಾಣದ್ದಕ್ಕೆ ಸುತ್ತು ಹಾಕಿ, ಕಂಡು ಹಾಳೆಯಲ್ಲಿ ಇಲ್ಲದ್ದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. NC ಅಂತ ಬರೆದ ಪ್ರತಿ ಬೈಪಾಸಿನ ಮುಂದೆ ನಿಂತು ಅದು ನಿಜವಾಗಿ ಮುಚ್ಚಿದೆಯಾ ಅಂತ ನೋಡಿ. ಅನುಮಾನ ಬಂದರೆ ನೀವೇ ತಿರುಗಿಸಬೇಡಿ, ಶಿಫ್ಟ್ ಇನ್‌ಚಾರ್ಜ್ ಅವರನ್ನು ಕರೆದು ತೋರಿಸಿ. T-201ರಂಥ ಒಂದು ಟ್ಯಾಂಕ್ ಮುಗಿಸಲು ನಿಮಗೆ ಎರಡು ಬೆಳಗು ಬೇಕಾಗಬಹುದು. ಮುಗಿದ ಮೇಲೆ ಕೆಂಪು ಗುರುತಿನ ಆ ಪ್ರತಿಯನ್ನು ಹಾಳೆ ಕೊಟ್ಟವರ ಟೇಬಲ್ ಮೇಲೆ ಇಡಿ.