ನೂರು ರೂಪಾಯಿ ಜಾಸ್ತಿ ದುಡಿದರೆ ಸಾವಿರಾರು ರೂಪಾಯಿ ತೆರಿಗೆ: ಮಾರ್ಜಿನಲ್ ರಿಲೀಫ್ ಬಂದ ಕಥೆ

‘12 ಲಕ್ಷದವರೆಗೆ ತೆರಿಗೆ ಇಲ್ಲ’ ಅನ್ನೋ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನಿಜವಾಗಿ ನೋಡಿದರೆ, ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 4 ಲಕ್ಷ ದಾಟಿದ ಕೂಡಲೇ ತೆರಿಗೆಯ ಲೆಕ್ಕ ಶುರುವಾಗುತ್ತದೆ. 12 ಲಕ್ಷಕ್ಕೆ ಅದು 60,000 ರೂಪಾಯಿ ಆಗುತ್ತದೆ. ಆ ಮೊತ್ತವನ್ನು ಸೆಕ್ಷನ್ 87ಎ ಅಡಿ ಪೂರ್ತಿ ಬಿಟ್ಟುಕೊಡುತ್ತಾರೆ. ಇದೇ ರಿಬೇಟ್.

ಹಾಗಾದರೆ ಮಿತಿಯನ್ನು ಸ್ವಲ್ಪವೇ ದಾಟಿದವರ ಗತಿ ಏನು? ರಿಬೇಟ್ ಒಂದೇ ಏಟಿಗೆ ಹೋಗಿಬಿಡುತ್ತದೆ. 2013ರಲ್ಲಿ ಇದನ್ನು ತಂದಾಗ, 5 ಲಕ್ಷದವರೆಗಿನ ಆದಾಯಕ್ಕೆ ಸಿಗುತ್ತಿದ್ದದ್ದು ಹೆಚ್ಚೆಂದರೆ 2,000 ರೂಪಾಯಿ. ಕಳೆದುಕೊಂಡರೂ ಹೊಡೆತ ಅಷ್ಟೇ. 2019ರಲ್ಲಿ ರಿಬೇಟ್ 12,500 ರೂಪಾಯಿಗೆ ಏರಿತು, ಹೊಡೆತವೂ ಏರಿತು. ಆದಾಯ 5,00,000 ಇದ್ದವರಿಗೆ ಸೊನ್ನೆ. 5,00,100 ಇದ್ದವರಿಗೆ ಸೆಸ್ ಸೇರಿ 13,020 ರೂಪಾಯಿ! ಇದು ಅನ್ಯಾಯ ಅಲ್ವಾ?

2023ರ ಬಜೆಟ್ ಹೊಸ ಪದ್ಧತಿಯ ಮಿತಿಯನ್ನು 7 ಲಕ್ಷ ಮಾಡಿತು. ಆಗ 7,00,100 ರೂಪಾಯಿ ಆದಾಯಕ್ಕೆ ಸೆಸ್ ಬಿಟ್ಟು 25,010 ರೂಪಾಯಿ ತೆರಿಗೆ ಬೀಳುತ್ತಿತ್ತು. ಆ ವರ್ಷ ಮಾರ್ಚ್‌ನಲ್ಲಿ ಹಣಕಾಸು ಮಸೂದೆಗೆ ತಿದ್ದುಪಡಿ ತಂದು ಮಾರ್ಜಿನಲ್ ರಿಲೀಫ್ ಸೇರಿಸಿದರು. ಮಿತಿಗಿಂತ ಎಷ್ಟು ಜಾಸ್ತಿ ದುಡಿದಿರೋ, ತೆರಿಗೆ ಅದಕ್ಕಿಂತ ಹೆಚ್ಚಾಗಬಾರದು ಅನ್ನೋದು ಇದರ ನಿಯಮ. ಹತ್ತು ವರ್ಷ ತಡವಾಗಿ ಬಂದರೂ ಸರಿಯಾದ ತಿದ್ದುಪಡಿ.

2025–26ರ ಲೆಕ್ಕ ನೋಡೋಣ. ಒಬ್ಬರ ತೆರಿಗೆ ಬೀಳುವ ಆದಾಯ 12,10,000 ರೂಪಾಯಿ ಅಂತಿರಲಿ. ಸಂಬಳದಾರರಾದರೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲಿನ ಮೊತ್ತ ಇದು. ಸ್ಲ್ಯಾಬ್ ಪ್ರಕಾರ ತೆರಿಗೆ 61,500. ಮಿತಿ ದಾಟಿದ್ದು 10,000 ಮಾತ್ರ. ಹಾಗಾಗಿ ತೆರಿಗೆಯೂ 10,000ಕ್ಕೆ ನಿಲ್ಲುತ್ತದೆ, ಉಳಿದ 51,500 ಮನ್ನಾ. ಆದರೆ ಶೇ. 4 ಸೆಸ್ ಸೇರುವುದು ಆಮೇಲೆ. ಕೊನೆಗೆ ಕಟ್ಟಬೇಕಾದದ್ದು 10,400. ಅಂದರೆ ಹೆಚ್ಚಿಗೆ ದುಡಿದದ್ದಷ್ಟೂ ಹೋಗಿ, ಕೈಯಿಂದ ಇನ್ನೂ 400 ಹೋಗುತ್ತದೆ. ಆದಾಯ ಸುಮಾರು 12,70,588 ಮುಟ್ಟಿದಾಗ ರಿಲೀಫ್ ಮುಗಿಯುತ್ತದೆ. ಅಲ್ಲಿಂದ ಮುಂದೆ ಮಾಮೂಲಿ ತೆರಿಗೆ.

ಷೇರು ಮಾರಿದ ಲಾಭ ಇರುವವರು ಎಚ್ಚರವಾಗಿರಬೇಕು. ವಿಶೇಷ ದರದಲ್ಲಿ ತೆರಿಗೆ ಬೀಳುವ ಈ ಲಾಭಕ್ಕೆ ಹೊಸ ಪದ್ಧತಿಯ ರಿಬೇಟ್ ಸಿಗುವುದಿಲ್ಲ. ಒಟ್ಟು ಆದಾಯ 12 ಲಕ್ಷದೊಳಗೇ ಇದ್ದರೂ ಆ ತೆರಿಗೆ ಕಟ್ಟಲೇಬೇಕಾಗಬಹುದು. ಅನಿವಾಸಿಗಳಿಗಂತೂ 87ಎ ಅನ್ವಯಿಸುವುದೇ ಇಲ್ಲ.

ಹಳೆ ಪದ್ಧತಿಯಲ್ಲಿ ಉಳಿದವರಿಗೆ 5 ಲಕ್ಷದ ಗಡಿಯಲ್ಲಿ ಈ ರಿಲೀಫ್ ಇವತ್ತಿಗೂ ಇಲ್ಲ. ಅಲ್ಲಿ ತೆರಿಗೆ ಬೀಳುವ ಆದಾಯ 5,10,000 ಆದರೆ 15,080 ಕಟ್ಟಬೇಕು. 80ಸಿ ಮಿತಿಯಲ್ಲಿ ಜಾಗ ಉಳಿದಿದ್ದರೆ, ಮಾರ್ಚ್ 31ರೊಳಗೆ ಪಿಪಿಎಫ್‌ಗೆ 10,000 ಹಾಕಿದರೆ ಸಾಕು. ಆದಾಯ 5 ಲಕ್ಷಕ್ಕೆ ಇಳಿದು, ಆ ತೆರಿಗೆಯಷ್ಟೂ ಉಳಿಯುತ್ತದೆ.