ಪುಟ್ಟ ಜಾರ್ಜ್ ಚೆರ್ರಿ ಮರಕ್ಕೆ ಕೊಡಲಿ ಹಾಕಿದ್ದು ನಿಜವೇ?

ಅಪ್ಪ ಅಕ್ಕರೆಯಿಂದ ಬೆಳೆಸಿದ ಚೆರ್ರಿ ಮರವನ್ನು ಕಡಿದ ಹುಡುಗ, ಕೇಳಿದಾಗ ‘ನಾನು ಸುಳ್ಳು ಹೇಳಲಾರೆ’ ಎಂದು ಒಪ್ಪಿಕೊಂಡನೆಂಬ ಕಥೆಯನ್ನು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಹೆಸರಿನಲ್ಲಿ ನಮ್ಮಲ್ಲಿಯೂ ಅನೇಕರು ಬಾಲ್ಯದಲ್ಲಿ ಕೇಳಿರುತ್ತಾರೆ. ಈ ಕಥೆ ಮೊದಲು ಎಲ್ಲಿ ಅಚ್ಚಾಯಿತು ಎಂದು ಹುಡುಕುತ್ತ ಹೋದರೆ ದಾರಿ ಒಂದೇ ಪುಸ್ತಕದ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆ ಪುಸ್ತಕ ಮೇಸನ್ ಲಾಕ್ ವೀಮ್ಸ್ ಬರೆದ ವಾಷಿಂಗ್ಟನ್ ಜೀವನಚರಿತ್ರೆ. ವೀಮ್ಸ್ ಪಾದ್ರಿಯಾಗಿದ್ದವರು; ಆಮೇಲೆ ಫಿಲಡೆಲ್ಫಿಯಾದ ಪ್ರಕಾಶಕ ಮ್ಯಾಥ್ಯೂ ಕ್ಯಾರಿ ಅವರ ಪುಸ್ತಕಗಳನ್ನು ಊರೂರಿಗೆ ಒಯ್ದು ಮಾರುತ್ತಿದ್ದರು. ವಾಷಿಂಗ್ಟನ್ ತೀರಿಕೊಂಡದ್ದು 1799ರ ಡಿಸೆಂಬರ್ 14ರಂದು. ಮರುತಿಂಗಳೇ ವೀಮ್ಸ್ ಕ್ಯಾರಿ ಅವರಿಗೆ ಕಾಗದ ಬರೆದು, ವಾಷಿಂಗ್ಟನ್ ಬಗ್ಗೆ ಏನಾದರೂ ಓದಲು ಲಕ್ಷಾಂತರ ಜನ ಕಾತರಿಸುತ್ತಿದ್ದಾರೆ, ತಮ್ಮ ಬರಹ ಬಹುಮಟ್ಟಿಗೆ ಸಿದ್ಧವಿದೆ ಎಂದು ತಿಳಿಸಿದರು. 1800ರಲ್ಲಿ ಪುಸ್ತಕ ಹೊರಬಂತು. ಆದರೆ ಅದರಲ್ಲಿ ಚೆರ್ರಿ ಮರದ ಸುದ್ದಿಯೇ ಇರಲಿಲ್ಲ. ಅದು ಕಾಣಿಸಿಕೊಂಡದ್ದು 1806ರ ಐದನೆಯ ಆವೃತ್ತಿಯಲ್ಲಿ. ವಾಷಿಂಗ್ಟನ್ ಹುಟ್ಟಿದ್ದು 1732ರಲ್ಲಿ ಮತ್ತು ಕಥೆಯಲ್ಲಿ ಅವರಿಗೆ ಸುಮಾರು ಆರು ವರ್ಷ. ಎಂದರೆ ಘಟನೆಗೂ ಅದರ ಮೊದಲ ಅಚ್ಚಿಗೂ ನಡುವೆ ಹೆಚ್ಚುಕಡಿಮೆ 68 ವರ್ಷಗಳ ಅಂತರವಿದೆ. ಕಥೆಯಲ್ಲಿ ಬರುವ ತಂದೆ ಅಗಸ್ಟೀನ್ 1743ರಲ್ಲೇ ಗತಿಸಿದ್ದರು.

ವೀಮ್ಸ್ ಕೊಡುವ ಆಧಾರವೆಂದರೆ ಒಬ್ಬ ವೃದ್ಧೆ. ಆಕೆ ದೂರದ ಸಂಬಂಧಿ, ಹುಡುಗಿಯಾಗಿದ್ದಾಗ ಆ ಮನೆಯಲ್ಲಿ ಬಹುಕಾಲ ಕಳೆದವಳು ಎನ್ನುವ ಅವರು ಆಕೆಯ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಹೀಗಾಗಿ ಆಕೆ ನಿಜವಾಗಿ ಇದ್ದಳೇ ಎಂದು ಪರಿಶೀಲಿಸುವುದಕ್ಕೂ ದಾರಿಯಿಲ್ಲ. ಇನ್ನು ಹೇಳಿದವರ ಮಾತಿನ ತೂಕ ನೋಡೋಣವೆಂದರೆ, ವೀಮ್ಸ್ ಮುಖಪುಟದಲ್ಲಿ ತಮ್ಮನ್ನು ‘ಮೌಂಟ್ ವರ್ನನ್ ಪ್ಯಾರಿಷ್’ ಎಂಬ ಚರ್ಚ್ ವಲಯದ ಮಾಜಿ ಧರ್ಮಗುರು ಎಂದು ಕರೆದುಕೊಂಡಿದ್ದಾರೆ. ಮೌಂಟ್ ವರ್ನನ್ ವಾಷಿಂಗ್ಟನ್ನರ ಎಸ್ಟೇಟಿನ ಹೆಸರು. ಆ ಹೆಸರಿನ ಪ್ಯಾರಿಷ್ ಎಂದೂ ಇರಲೇ ಇಲ್ಲ.

ನನಗೆ ಇದಕ್ಕಿಂತ ಬಲವಾದ ಸುಳಿವಾಗಿ ಕಾಣುವುದು ಅದೇ ಪುಸ್ತಕದ ಇನ್ನೊಂದು ಕಥೆ. ತಂದೆ ತೋಟದ ಮಣ್ಣಿನಲ್ಲಿ ಮಗನ ಹೆಸರನ್ನು ಗೀರಿ ಅದರೊಳಗೆ ಎಲೆಕೋಸಿನ ಬೀಜ ಬಿತ್ತುತ್ತಾರೆ. ಸಸಿಗಳು ಅಕ್ಷರಗಳಾಗಿ ಮೇಲೆದ್ದಾಗ ಬೆರಗಾದ ಬಾಲಕನಿಗೆ, ಇದು ತಾನಾಗಿ ಆಗಿರಲಾರದು, ಹಾಗೆಯೇ ಜಗತ್ತಿಗೂ ಒಬ್ಬ ಕರ್ತೃ ಇದ್ದಾನೆ ಎಂದು ತಿಳಿಹೇಳುತ್ತಾರೆ. ಇದಕ್ಕೂ ಮೊದಲೇ ಸ್ಕಾಟ್ಲೆಂಡಿನ ಕವಿ, ತತ್ವಜ್ಞಾನಿ ಜೇಮ್ಸ್ ಬೀಟಿ ತಮ್ಮ ಮಗನಿಗೆ ಇದೇ ಪಾಠವನ್ನು ಇದೇ ಉಪಾಯದಿಂದ ಕಲಿಸಿದ್ದನ್ನು ಬರೆದಿದ್ದರು. ಅಲ್ಲಿ ಎಲೆಕೋಸಿನ ಬದಲು ಕ್ರೆಸ್ ಎಂಬ ಸೊಪ್ಪು, ಪೂರ್ಣ ಹೆಸರಿನ ಬದಲು ಮೊದಲಕ್ಷರಗಳು. ಒಂದು ಕಥೆ ಎರವಲು ಎಂದು ಕಂಡಮೇಲೆ ಅದರ ಪಕ್ಕದ ಕಥೆಯನ್ನು ಬರೀ ನಂಬಿಕೆಯ ಮೇಲೆ ಒಪ್ಪಿಕೊಳ್ಳುವುದು ಕಷ್ಟ.

ಮೂಲ ಓದುವುದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ವೀಮ್ಸ್ ಕಥೆಯಲ್ಲಿ ಬಾಲಕ ಮರವನ್ನು ಕಡಿದು ಉರುಳಿಸುವುದಿಲ್ಲ. ಕೈಕೊಡಲಿಯಿಂದ ಅದರ ತೊಗಟೆಯನ್ನು ಕೆತ್ತಿ, ಮರ ಮತ್ತೆ ಚೇತರಿಸಿಕೊಳ್ಳಲಾರದಷ್ಟು ಗಾಯಮಾಡುತ್ತಾನೆ. ಮರವನ್ನು ನೆಲಕ್ಕೆ ಕೆಡವಿದವರು ಮುಂದಿನ ನಿರೂಪಕರು. 1836ರಿಂದ ಪ್ರಕಟವಾದ ಮೆಕ್‌ಗಫಿ ಅವರ ಪಠ್ಯಮಾಲೆಗೆ ಸೇರಿದಮೇಲಂತೂ ಕಥೆ ಶಾಲೆಶಾಲೆಗೆ ತಲುಪಿತು. ಆಗ ಮಕ್ಕಳಿಗೆ ಕಲಿಸಿದ್ದು ಪಾಠವೇ ಹೊರತು ಅದರ ಆಧಾರವನ್ನಲ್ಲ.

ಹೋಲಿಕೆಗೆ ಗಾಂಧೀಜಿಯವರ ‘ಕೆಟಲ್’ ಪ್ರಸಂಗವನ್ನು ತೆಗೆದುಕೊಳ್ಳಬಹುದು. ರಾಜಕೋಟದ ಹೈಸ್ಕೂಲಿನ ಮೊದಲ ವರ್ಷ ಇನ್‌ಸ್ಪೆಕ್ಟರ್ ಗೈಲ್ಸ್ ಐದು ಪದ ಬರೆಸಿದಾಗ ತಾವು ‘ಕೆಟಲ್’ ಪದವನ್ನು ತಪ್ಪಾಗಿ ಬರೆದದ್ದನ್ನು, ಶಿಕ್ಷಕರು ಬೂಟಿನ ತುದಿಯಿಂದ ಸೂಚಿಸಿದರೂ ಪಕ್ಕದವನ ಸ್ಲೇಟು ನೋಡಿ ತಿದ್ದಿಕೊಳ್ಳಲಿಲ್ಲ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ‘ನವಜೀವನ’ದಲ್ಲಿ ಬರತೊಡಗಿದ್ದು 1925ರಲ್ಲಿ, ಹಾಗಾಗಿ ಇದೂ ನಾಲ್ಕು ದಶಕಗಳಿಗೂ ಮಿಕ್ಕಿದ ನೆನಪೇ, ವಿವರಗಳು ಮಸುಕಾಗಿರಬಹುದು. ಆದರೂ ಹೇಳುವವರು ಯಾರು, ಯಾವ ಶಾಲೆ, ಯಾವ ಅಧಿಕಾರಿ ಎಂಬುದು ಇಲ್ಲಿ ಸ್ಪಷ್ಟ. ಅದನ್ನು ಸ್ವಂತ ಅನುಭವದ ಹೇಳಿಕೆಯೆಂದು ಸ್ವೀಕರಿಸಬಹುದು. ವಾಷಿಂಗ್ಟನ್ನರ ಬಾಲ್ಯದ ಮರದ ಬಗ್ಗೆ ಅವರದೇ ಬರಹದಲ್ಲಾಗಲಿ ವೀಮ್ಸ್‌ಗಿಂತ ಮುಂಚಿನ ಇನ್ಯಾರದೇ ಬರಹದಲ್ಲಾಗಲಿ ಇಂಥ ಒಂದು ಸಾಲೂ ಸಿಕ್ಕಿಲ್ಲ.

ಅವರು ಬೆಳೆದ ವರ್ಜೀನಿಯಾದ ಫೆರಿ ಫಾರ್ಮ್‌ನಲ್ಲಿ ಆ ಮನೆಯ ಅಡಿಪಾಯ ಪತ್ತೆಯಾಗಿದೆ ಎಂದು 2008ರಲ್ಲಿ ಪುರಾತತ್ವಜ್ಞರು ಪ್ರಕಟಿಸಿದಾಗ, ಕೊಡಲಿ ಸಿಕ್ಕಿತೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಅದರಿಂದ ಏನೂ ಸಾಬೀತಾಗುತ್ತಿರಲಿಲ್ಲ. ಆ ಕಾಲದ ಯಾವ ತೋಟದಲ್ಲಿ ಅಗೆದರೂ ಕೊಡಲಿ ಸಿಗಬಹುದು.